ಒಳಗಿನ ಚಿಲಕ

ಅಂಗಳದ ಎರಡೂ ಬಾಗಿಲುಗಳನ್ನು ಒಂದೇ ಹೊತ್ತಿಗೆ ತೆರೆದವರು ಯಾರು ಎಂದು ಕೇಳಿದರೆ ಇಂದಿಗೂ ಎಲ್ಲರೂ ವಾರ್ಡರರ ಕಡೆಗೆ ಬೆರಳು ತೋರಿಸುತ್ತಾರೆ. ಆ ಬೆರಳನ್ನು ಹಿಡಿದು ಲಟಕ್ಕನೆ ಮುರಿಯಬೇಕು ಎನ್ನಿಸುತ್ತದೆ ನನಗೆ. ಪಶ್ಚಿಮದ ಬಾಗಿಲು ತೆರೆದದ್ದು ನನ್ನ ಭಾವನ ಕೈ, ನಿಜ. ತೆರೆಸಿದ್ದು ನಾನು ನೋಡಿಕೊಳ್ಳುವ ಕಂಪ್ಯೂಟರ್.

ನಾನಿರುವುದು ಜೈಲಿನಲ್ಲಿ. ಕೈದಿಯೂ ಅಲ್ಲ, ವಾರ್ಡರನೂ ಅಲ್ಲ. ಕಚೇರಿಯ ಮೊದಲ ಮಹಡಿಯಲ್ಲಿ ಕೂತು ಸರ್ವರ್, ಕ್ಯಾಮೆರಾ, ಪ್ರಿಂಟರ್ ಇವುಗಳ ಚಾಕರಿ ಮಾಡುವವನು. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಿಲ್ಲ, ಎಲ್ಲರಿಗೂ ನಾನು ‘ಕಂಪ್ಯೂಟರ್’. ಅಕ್ಕನ ಗಂಡ ಅಲ್ಲೇ ಹೆಡ್ ವಾರ್ಡರ್. ಗೋಡೆಯ ಹೊರಗಿನ ಕ್ವಾರ್ಟರ್ಸ್‌ನಲ್ಲಿ ಅಕ್ಕ, ಭಾವ, ನಾನು ಮೂವರೂ ಒಂದೇ ಮನೆ, ಒಂದೇ ಬಚ್ಚಲು.

ನಮ್ಮಲ್ಲಿ ಎಂಟು ಬ್ಯಾರಕ್, ಒಂದೇ ಅಂಗಳ. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ನಾಲ್ಕು ಸರದಿ. ಒಂದೊಂದು ಸರದಿಗೆ ಎರಡು ಬ್ಯಾರಕ್ ಹೊರಗೆ ಬಂದು ಬಿಸಿಲು ಕಾಯಿಸಿಕೊಂಡು ಹೋಗಬೇಕು. ಮೂರನೇ ಬ್ಯಾರಕ್ಕಿನ ತುಂಬ ಗಿರಣಿ ಗ್ಯಾಂಗಿನವರು, ಏಳನೆಯದರ ತುಂಬ ಬಂದರು ಗ್ಯಾಂಗಿನವರು. ಹೊರಗಿದ್ದಾಗಲೇ ಎರಡೂ ಕಡೆ ಹೆಣ ಬಿದ್ದಿದ್ದವು. ಒಬ್ಬರ ನೆರಳು ಕಂಡರೆ ಇನ್ನೊಬ್ಬರು ಹಲ್ಲು ಕಡಿಯುತ್ತಿದ್ದರು.

ಹಿಂದೆ ವಾರ್ಡರರು ಬೆಳಗಿನ ಎಳೆಬಿಸಿಲನ್ನು ತಮಗೆ ಬೇಕಾದವರಿಗೆ ಹಂಚುತ್ತಿದ್ದರಂತೆ. ಅದಕ್ಕೇ ಪಟ್ಟಿಯ ಕೆಲಸ ಕಂಪ್ಯೂಟರಿಗೆ ಬಂತು. ರಾತ್ರಿ ಎರಡಕ್ಕೆ ಒಂದು ಪ್ರೋಗ್ರಾಂ ತಾನಾಗಿ ಎದ್ದು, ಎಂಟೂ ಬ್ಯಾರಕ್ಕುಗಳನ್ನು ಒಂದೊಂದು ಸರದಿ ಮುಂದಕ್ಕೆ ತಳ್ಳುತ್ತದೆ. ಹಗಲಿನಲ್ಲಿ ಬರೆದಿಟ್ಟ ವರ್ಗಾವಣೆಗಳನ್ನೂ ಆಗಲೇ ಜಾರಿಗೆ ತರುತ್ತದೆ. ಆರಕ್ಕೆ ಬೇರೊಂದು ಪ್ರೋಗ್ರಾಂ, ಏನಿದೆಯೋ ಅದನ್ನು ಆ ದಿನದ ತಾರೀಕು ಹಾಕಿ ಮುದ್ರಿಸುತ್ತದೆ. ಪ್ರತಿ ಬಾಗಿಲಿಗೂ ಒಂದೊಂದು ಚೀಟಿ; ಒಂಟಿಯಾಗಿಡುವವರ ಪ್ರತ್ಯೇಕ ಬ್ಲಾಕಿಗೆ ಮಾತ್ರ ಎಲ್ಲ ಕೈದಿಗಳ ಪೂರ್ತಿ ಪಟ್ಟಿ. ಚೀಟಿಯಲ್ಲಿ ಏನಿದೆಯೋ ಅದೇ ಕಾನೂನು, ವಾರ್ಡರ್ ಎದುರು ಪ್ರಶ್ನೆ ಹಾಕುವಂತಿಲ್ಲ. ಎಲ್ಲರೂ ಒಟ್ಟಿಗೆ ಒಂದೇ ಹೆಜ್ಜೆ ಮುಂದೆ ಹೋಗುವುದರಿಂದ ಮೂರು ಮತ್ತು ಏಳು ಎದುರಾಗುವುದು ಸಾಧ್ಯವೇ ಇರಲಿಲ್ಲ. ಸಾಧ್ಯವಿಲ್ಲದ್ದನ್ನು ಪರೀಕ್ಷೆ ಮಾಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆ ದಿನ ಎದುರಾದರು. ಒಂಬತ್ತು ಗಂಟೆಗೆ ಭಾವ ಪಶ್ಚಿಮದ ಬಾಗಿಲು ತೆರೆದು ಗಿರಣಿಯವರನ್ನು ಬಿಟ್ಟರು. ಅದೇ ಹೊತ್ತಿಗೆ ಪೂರ್ವದ ಬಾಗಿಲಿಂದ ಬಂದರಿನವರು ಬಂದರು. ನಾನು ಕಿಟಕಿಯ ಬಳಿ ಟೀ ಹಿಡಿದು ನಿಂತಿದ್ದೆ. ಒಂದು ಕ್ಷಣ ಅಂಗಳದಲ್ಲಿ ಯಾರೂ ಅಲುಗಲಿಲ್ಲ. ಆಮೇಲೆ ಯಾರೋ ನಕ್ಕದ್ದು ಕೇಳಿಸಿತು, ಕೆಟ್ಟ ನಗು, ಅದರ ಹಿಂದೆಯೇ ನೂರೈವತ್ತು ಜನ ಒಬ್ಬರ ಮೇಲೊಬ್ಬರು ಬಿದ್ದರು.

ಸ್ಟೀಲ್ ತಟ್ಟೆಗಳನ್ನು ಮುರಿದು ಮಸೆದಿಟ್ಟುಕೊಂಡಿದ್ದರು. ಸೋಪಿನ ಬಿಲ್ಲೆಗಳನ್ನು ಟವೆಲಿಗೆ ಕಟ್ಟಿ ಬೀಸಿದರು. ಒಬ್ಬನ ತಲೆ ನಲ್ಲಿಯ ಕಟ್ಟೆಗೆ ಬಡಿದ ಸದ್ದು ಮೇಲಿನವರೆಗೂ ಬಂತು. ಅವನು ಮತ್ತೆ ಏಳಲಿಲ್ಲ. ಭಾವ ಲಾಠಿ ಹಿಡಿದು ನಡುವೆ ನುಗ್ಗಿದರು. ಹಾಗೆ ನುಗ್ಗುವ ಜಾಯಮಾನವೇ ಅವರದು, ಮನೆಯಲ್ಲಿ ಹಲ್ಲಿ ಕಂಡರೂ ಹಾಗೆಯೇ. ಬಂದರಿನ ದಾದಾ ಹಿಂದಿನಿಂದ ಅವರ ಕೊರಳಿಗೆ ಕೈ ಹಾಕಿದ. ತಟ್ಟೆಯ ಚೂರು ಭಾವನ ಕಿವಿಯ ಕೆಳಗೆ ಬಂದದ್ದನ್ನು ನಾನು ಈ ಕಣ್ಣಿಂದ ನೋಡಿದೆ. ಕಿರುಚಿದೆ. ಮಹಡಿಯ ಮೇಲಿಂದ ಕಿರುಚಿ ಯಾರನ್ನು ಉಳಿಸಿದ ಹಾಗಾಯಿತು?

ಉಳಿಸಿದವನು ಎಲ್ಲರೂ ಕತ್ತರಿ ಎಂದು ಕರೆಯುವ ಕೈದಿ. ಹೊರಗೆ ಕ್ಷೌರಿಕನಾಗಿದ್ದವನು, ಒಳಗೂ ಅದೇ ಕೆಲಸ. ಬಂದರಿನ ಬ್ಯಾರಕ್ಕಿನವನೇ, ದಾದಾನ ಗಡ್ಡ ಕೆರೆಯುತ್ತಿದ್ದವನೇ. ಅವನು ದಾದಾನ ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುಚಿದ. ಮೂಳೆ ಮುರಿಯಿತು. ಭಾವ ಚೂರನ್ನು ಬರಿಗೈಯಲ್ಲಿ ಕಿತ್ತುಕೊಂಡರು, ಅಂಗೈ ಸೀಳಿ ಹೋಯಿತು. ಉಳಿದ ಬಂದರಿನವರು ಕತ್ತರಿಯ ತೋಳನ್ನು ಭುಜದಿಂದ ಮೊಣಕೈವರೆಗೆ ಕೊಯ್ದು ಹಾಕಿದರು. ಅಷ್ಟರಲ್ಲಿ ಸೈರನ್ ಕೂಗಿತು, ಗಲಭೆ ಅಡಗಿಸುವ ಕವಚದವರು ಬಂದರು. ಇಬ್ಬರು ಸತ್ತರು, ಹದಿನೇಳು ಮಂದಿಗೆ ಹೊಲಿಗೆ ಬಿತ್ತು.

ಜೈಲಿನಲ್ಲಿ ವಾರ್ಡರನನ್ನು ಉಳಿಸಿದ ಕೈದಿಯನ್ನು ಅವನ ಬ್ಯಾರಕ್ಕಿನವರೇ ಉಳಿಸುವುದಿಲ್ಲ. ಅವನನ್ನು ಸ್ಟ್ರೆಚರಿನ ಮೇಲೆ ಹಾಕುವಾಗ ದಾದಾ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡೇ ಹೇಳಿದನಂತೆ: “ವಾಸಿಯಾಗಿ ಬಾ ಮಗನೆ. ಕಾಯ್ತಿರ್ತೀವಿ.”

ಅದೇ ಮಧ್ಯಾಹ್ನ ಸಾಹೇಬರು, ಅಂದರೆ ಜೈಲಿನ ಸೂಪರಿಂಟೆಂಡೆಂಟ್, ನನ್ನ ಕೋಣೆಗೆ ಬಂದು ಮೇಜಿನ ಮೇಲೆ ಗುದ್ದಿದರು. “ಮೂರು ಮತ್ತು ಏಳು ಒಂದೇ ಸರದಿಗೆ ಹೇಗೆ ಬಂತು? ಸಂಜೆಯೊಳಗೆ ಹೇಳು. ಸಂಜೆಯೊಳಗೇ ಸರಿ ಮಾಡು.”

ಹುಡುಕುವುದಕ್ಕೆ ಒಂದು ಗಂಟೆ ಸಾಕಾಯಿತು. ಹಿಂದಿನ ತಿಂಗಳು ಇದೇ ಸಾಹೇಬರು, “ಎರಡು ಗಂಟೆಯದು ಕೈಕೊಟ್ಟರೆ?” ಎಂದು ಕೇಳಿದ್ದಕ್ಕೆ ನಾನು ಅದೇ ಪ್ರೋಗ್ರಾಮನ್ನು ದಿನವೂ ಎರಡೂವರೆಗೆ ಇನ್ನೊಮ್ಮೆ ಎಬ್ಬಿಸುವ ಏರ್ಪಾಡು ಮಾಡಿದ್ದೆ. ಎದ್ದ ಕೂಡಲೇ ಅದು ‘ಇವತ್ತಿನ ಕೆಲಸ ಮುಗಿದಿದೆ’ ಎಂಬ ಗುರುತು ಇದೆಯೇ ನೋಡುತ್ತದೆ. ಇದ್ದರೆ ಮಲಗುತ್ತದೆ, ಇಲ್ಲದಿದ್ದರೆ ಕೆಲಸ ಶುರು ಮಾಡುತ್ತದೆ. ದಿನವೂ ಹತ್ತೇ ನಿಮಿಷದಲ್ಲಿ ಮುಗಿಯುವ ಕೆಲಸ, ಹಾಗಾಗಿ ತೊಂದರೆ ಇರಲಿಲ್ಲ. ಗಲಾಟೆಯ ಹಿಂದಿನ ದಿನ ಬೇರೊಂದು ಜೈಲು ಮುಚ್ಚಿ ಅಲ್ಲಿನ ಇನ್ನೂರು ಮಂದಿ ನಮ್ಮಲ್ಲಿಗೆ ಬಂದಿದ್ದರು. ಎರಡರದ್ದು ಎರಡೂವರೆಗೂ ಏದುಸಿರು ಬಿಡುತ್ತಾ ಐದು ಬ್ಯಾರಕ್ ಮಾತ್ರ ಮುಗಿಸಿತ್ತು. ಮುಗಿದ ಗುರುತು ಬೀಳುವುದು ಎಲ್ಲ ಮುಗಿದ ಮೇಲೆ. ಎರಡೂವರೆಯದು ಎದ್ದು ನೋಡಿತು, ಗುರುತಿಲ್ಲ. ಸರಿ, ಎಂಟೂ ಬ್ಯಾರಕ್ಕಿನ ಸರದಿಯನ್ನು ಆಗ ಇದ್ದ ಹಾಗೆಯೇ ಓದಿಕೊಂಡು ತಾನೂ ತಳ್ಳಿತು. ಆಗಲೇ ಮುಂದೆ ಹೋಗಿದ್ದ ಐದು ಬ್ಯಾರಕ್ ಇನ್ನೊಂದು ಸರದಿ ಮುಂದಕ್ಕೆ ಹೋದವು. ಉಳಿದ ಮೂರನ್ನು ಎರಡೂ ಪ್ರೋಗ್ರಾಂಗಳು ಹಳೆಯ ಜಾಗದಿಂದಲೇ ಎಣಿಸಿ ಒಂದೇ ಸರದಿ ತಳ್ಳಿದವು. ಏಳು ಗಂಟೆಗಿದ್ದ ಗಿರಣಿಯವರು ಒಂಬತ್ತಕ್ಕೆ, ಎಂಟಕ್ಕಿದ್ದ ಬಂದರಿನವರೂ ಒಂಬತ್ತಕ್ಕೆ.

ಒಂದು ಓಡುತ್ತಿರುವಾಗ ಇನ್ನೊಂದು ಒಳಗೆ ಬರದ ಹಾಗೆ ತಡೆ ಇರಬೇಕಿತ್ತು. ಇರಲಿಲ್ಲ. ಹಾಕಬೇಕಾದವನು ನಾನೇ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಹೊಡೆದುಕೊಳ್ಳುವ ಬದಲು ಕೂತು ನಾಲ್ಕು ಸಾಲು ಬರೆದೆ. ಶುರುವಾಗುವಾಗ ಪ್ರೋಗ್ರಾಂ ಒಂದು ಖಾಲಿ ಫೈಲ್ ಇಡುತ್ತದೆ, ಮುಗಿಸಿ ಹೋಗುವಾಗ ಅದನ್ನು ಅಳಿಸುತ್ತದೆ. ಇನ್ನೊಂದು ಬಂದಾಗ ಫೈಲ್ ಕಂಡರೆ ‘ಬೇರೊಂದು ಓಡುತ್ತಿದೆ’ ಎಂದು ಲಾಗಿನಲ್ಲಿ, ಅಂದರೆ ತನ್ನ ದಿನಚರಿಯಲ್ಲಿ, ಬರೆದು ಹಿಂತಿರುಗುತ್ತದೆ. ಹಾಗೆ ಹಿಂತಿರುಗುವುದು ತಪ್ಪಲ್ಲವಾದ್ದರಿಂದ ನನ್ನ ಫೋನಿಗೆ ‘ಎಲ್ಲ ಸರಿ’ ಎನ್ನುವ ಹಸಿರು ಸಂದೇಶವನ್ನೇ ಕಳಿಸುವಂತೆ ಮಾಡಿದೆ. ಕೆಟ್ಟುಹೋಗಿದ್ದ ಪಟ್ಟಿಯನ್ನೂ ಕೈಯಾರೆ ಸರಿಪಡಿಸಿ, ಸಂಜೆ ಆರಕ್ಕೆ ಸಾಹೇಬರಿಗೆ ‘ಸರಿಯಾಗಿದೆ’ ಎಂದು ಹೇಳಿಬಂದೆ.

ಮನೆಯಲ್ಲಿ ಭಾವ ಏಳು ಹೊಲಿಗೆಯ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಅಕ್ಕ ತುತ್ತು ಕಲಸಿ ಬಾಯಿಗಿಡುತ್ತಿದ್ದಳು. ಅವಳು ಬೆಳಗಿನಿಂದ ಅತ್ತು ಅತ್ತು ಮುಖ ಊದಿಸಿಕೊಂಡಿದ್ದರೂ ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಈ ರಾಜಭೋಗ ಸಿಕ್ತು ನೋಡು ನಿನ್ನ ಭಾವಂಗೆ,” ಎಂದಳು.

ಭಾವ ನಗಲಿಲ್ಲ. “ಏನು ಮಾಡಿದೆ, ನಂಗೂ ಅರ್ಥ ಆಗೋ ಹಾಗೆ ಹೇಳು,” ಎಂದರು.

“ನಮ್ಮ ಬಚ್ಚಲು ಇದ್ದ ಹಾಗೆ ಭಾವ. ಒಬ್ಬರು ಒಳಗೆ ಹೋದರೆ ಚಿಲಕ ಹಾಕ್ಕೋತಾರೆ. ಇನ್ನೊಬ್ಬರು ಬಂದು ತಳ್ಳಿ ನೋಡಿ ವಾಪಸ್ ಹೋಗ್ತಾರೆ. ಇಷ್ಟು ದಿನ ಚಿಲಕ ಇರ್ಲಿಲ್ಲ. ಈಗ ಹಾಕಿದೀನಿ.”

ಭಾವ ತುತ್ತು ನುಂಗಿ ಕೇಳಿದರು. “ಒಳಗಿದ್ದವನು ಜಾರಿ ಬಿದ್ದು ಸತ್ತರೆ?”

“ಆಂ?”

“ಚಿಲಕ ಒಳಗಿಂದ ಹಾಕಿರುತ್ತೆ. ಅವನು ಸತ್ತಿರ್ತಾನೆ. ಹೊರಗಿನವನು ಒಳಗೆ ಯಾರೋ ಇದಾರೆ ಅಂತ ಕಾಯ್ತಾನೇ ಇರ್ತಾನಲ್ಲ?”

ನನಗೆ ನಗು ಬಂತು. ಆ ನಗುವನ್ನು ಈಗ ನೆನೆದರೆ ಮೈ ಉರಿಯುತ್ತದೆ. “ಜಾರಿ ಬೀಳೋಕೆ ಅದೇನು ನಿಮ್ಮ ಹಾಗೆ ಮನುಷ್ಯನಾ ಭಾವ? ಪ್ರೋಗ್ರಾಂ ಅದು!”

“ಸುಮ್ನಿರ್ರೀ, ಅವನಿಗೆ ಗೊತ್ತಿರುತ್ತೆ,” ಎಂದಳು ಅಕ್ಕ. ಮುಂದಿನ ತುತ್ತು ಭಾವನ ಬಾಯಿಗಿಟ್ಟಳು.

ಆರು ದಿನ ಎಲ್ಲವೂ ಸರಿಯಾಗಿಯೇ ಓಡಿತು. ಮೂರು ದಿನ ಯಾರನ್ನೂ ಬಿಡದೆ, ನಾಲ್ಕನೆಯ ದಿನದಿಂದ ಮತ್ತೆ ಚೀಟಿಯ ಪ್ರಕಾರ ಬಿಡತೊಡಗಿದರು. ಭಾವ ರಜೆ ಹಾಕಲಿಲ್ಲ. ದಿನವೂ ಬೆಳಗ್ಗೆ ಐದೂವರೆಗೆ ಬೂಟು ಕಟ್ಟಿಕೊಳ್ಳುತ್ತಾ, ಕಟ್ಟಿಸಿಕೊಳ್ಳುತ್ತಾ ಎನ್ನಬೇಕು, ನನ್ನನ್ನು ಕೇಳುತ್ತಿದ್ದರು: “ಓಡ್ತಾ?” ನಾನು ಹಾಸಿಗೆಯಲ್ಲೇ ಫೋನ್ ನೋಡಿ, “ಓಡ್ತು ಭಾವ, ಹಸಿರು,” ಎನ್ನುತ್ತಿದ್ದೆ. ಆಗ ಮಾತ್ರ ಹೊಸ್ತಿಲು ದಾಟುತ್ತಿದ್ದರು.

ಡ್ಯೂಟಿ ಮುಗಿದ ಮೇಲೆ ಜೈಲಿನ ಆಸ್ಪತ್ರೆಗೆ ಹೋಗಿ ಕತ್ತರಿಯ ಪಕ್ಕ ಕೂರುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಮೂವತ್ತು ದಾಟದ ಮನುಷ್ಯ, ತೋಳಿಗೆ ಬಟ್ಟೆ ಸುತ್ತಿತ್ತು, ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ. ಬಿಡುಗಡೆಗೆ ನಾಲ್ಕು ತಿಂಗಳು ಉಳಿದಿತ್ತು.

“ಬೆರಳು ಆಡ್ತಿದೆ ಸಾರ್,” ಎಂದ ಭಾವನಿಗೆ. “ಹೊರಗೆ ಹೋಗಿ ಅಂಗಡಿ ಇಟ್ರೆ ಮೊದಲನೇ ಗಡ್ಡ ನಿಮ್ದೇ. ಈ ಕಾಡು ನೋಡೋಕಾಗ್ತಿಲ್ಲ.”

“ಮೊದಲು ಬದುಕಿ ಹೊರಗೆ ಹೋಗು. ಅಂಗಡಿ ಆಮೇಲೆ.”

ಕತ್ತರಿ ನಗು ನಿಲ್ಲಿಸಿದ. “ನನ್ನ ಏಳಕ್ಕೆ ವಾಪಸ್ ಹಾಕ್ತಾರಾ ಸಾರ್?”

“ಇಲ್ಲ. ನನ್ನ ಭಾಮೈದ ಇವನು. ಪಟ್ಟಿ ಇವನ ಕೈಲಿದೆ. ನಿನ್ನ ಪ್ರತ್ಯೇಕ ಬ್ಲಾಕಿಗೆ ಹಾಕ್ತೀವಿ. ಬಿಸಿಲಿಗೂ ಒಬ್ಬನೇ, ಹನ್ನೊಂದರ ಮೇಲೆ.”

ಕತ್ತರಿ ನನ್ನನ್ನೇ ನೋಡಿದ. ಅಷ್ಟು ನಂಬಿಕೆಯಿಂದ ನನ್ನನ್ನು ಯಾರೂ ನೋಡಿರಲಿಲ್ಲ, ಹೆತ್ತ ತಾಯಿಯೂ.

ಆರನೆಯ ದಿನದ ಸಂಜೆ ಅವನನ್ನು ಆಸ್ಪತ್ರೆಯಿಂದ ಪ್ರತ್ಯೇಕ ಬ್ಲಾಕಿನ ಕೋಣೆಗೆ ತಂದರು. ಐದು ಗಂಟೆಗೆ ನಾನು ಅವನ ಕೈದಿ ಸಂಖ್ಯೆ ಒತ್ತಿ, ಏಳನೇ ಬ್ಯಾರಕ್ಕಿನಿಂದ ಅವನ ಹೆಸರು ತೆಗೆದು, ಒಂಟಿ ಸರದಿ ಬರೆದು, ಎರಡು ಸಲ ಓದಿ ನೋಡಿದೆ. ರಾತ್ರಿ ಪ್ರೋಗ್ರಾಂ ಓಡಿದ ಮೇಲೆ ಜಾರಿ. ಭಾವನನ್ನೂ ಕರೆದು ತೋರಿಸಿದೆ. ಅವರು ಗಾಜಿನ ಮೇಲೆ ಬೆರಳಿಟ್ಟು ಅಂಕಿ ಅಂಕಿ ಓದಿದರು.

ಮಾರನೆಯ ಬೆಳಗ್ಗೆ ಮತ್ತೆ, “ಓಡ್ತಾ?”

“ಓಡ್ತು. ಹಸಿರು.”

ಭಾವ ಬಾಗಿಲಲ್ಲಿ ನಿಂತರು. “ಆ ಬ್ಲಾಕಿಗೆ ಇವತ್ತು ಹೊಸ ವಾರ್ಡರ್ ಬಂದಿದಾನಂತೆ. ಒಂದು ಸಲ ಹೋಗಿ ಬಾಯಲ್ಲೂ ಹೇಳಿ ಬರ್ಲಾ?”

“ಚೀಟಿಯಲ್ಲಿ ಇರುತ್ತೆ ಬಿಡಿ ಭಾವ,” ಎಂದೆ ನಾನು. “ಹೊಸಬನಾದ್ರೆ ಚೀಟಿ ನೋಡಿಯೇ ಬಿಡ್ತಾನೆ. ನಿಮಗೆ ಆ ಕಡೆ ಸುತ್ತಾಡೋಕೆ ಟೈಮ್ ಎಲ್ಲಿದೆ?” ಹೊದಿಕೆ ಎಳೆದುಕೊಂಡೆ.

ಏಳೂ ಕಾಲಿಗೆ ಸೈರನ್ ಕೂಗಿತು.

ನಾನು ಚಪ್ಪಲಿಯಿಲ್ಲದೆ ಓಡಿದೆ. ಅಂಗಳಕ್ಕೆ ಬಿಡಲಿಲ್ಲ, ಮೇಲೆ ನನ್ನ ಕೋಣೆಗೆ ಹೋದೆ. ಅಂಗಳದಲ್ಲಿ ನಡೆದದ್ದು ನನಗೆ ಗೊತ್ತಿರುವುದು ಕ್ಯಾಮೆರಾದಿಂದ. ಆ ದೃಶ್ಯಕ್ಕೆ ಸದ್ದಿಲ್ಲ. ಒಂಬತ್ತು ಸಲ ನೋಡಿದ್ದೇನೆ.

ಪೂರ್ವದ ಬಾಗಿಲಿಂದ ಬಂದರಿನವರು ಬಂದು ಗೋಡೆಯ ಉದ್ದಕ್ಕೂ ನಿಲ್ಲುತ್ತಾರೆ. ಪ್ರತ್ಯೇಕ ಬ್ಲಾಕಿನಿಂದ ಅಂಗಳಕ್ಕೆ ಬರುವ ಮೂಲೆಯ ಸಣ್ಣ ಬಾಗಿಲು ತೆರೆಯುತ್ತದೆ. ಹೊಸ ವಾರ್ಡರ್ ಚೀಟಿ ನೋಡಿ, ಅಂಕಿ ಓದಿ, ಪಕ್ಕಕ್ಕೆ ಸರಿಯುತ್ತಾನೆ. ಕತ್ತರಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಎರಡು ಹೆಜ್ಜೆ ಹೊರಗೆ ಬರುತ್ತಾನೆ. ಅವರನ್ನು ಕಾಣುತ್ತಾನೆ. ತಿರುಗಿ ಬಾಗಿಲು ಬಡಿಯುತ್ತಾನೆ, ಒಂದೇ ಕೈಯಲ್ಲಿ, ಇನ್ನೊಂದು ಕೈ ಏಳುತ್ತಿರಲಿಲ್ಲ. ಬಾಗಿಲು ಆಗಲೇ ಮುಚ್ಚಿದೆ. ದೂರದ ಪಶ್ಚಿಮದ ಬಾಗಿಲಿಂದ ಭಾವ ಓಡಿ ಬರುವುದು ಕಾಣುತ್ತದೆ. ಅಷ್ಟು ದೊಡ್ಡ ಅಂಗಳ ಅದು ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಅವರಿಗೆ ಅವಸರವೇನೂ ಇರಲಿಲ್ಲ. ನಾಲ್ವರು ಹಿಡಿದುಕೊಂಡರು. ಮೊದಲು ಬಟ್ಟೆ ಸುತ್ತಿದ ತೋಳಿನ ಹೊಲಿಗೆಗಳನ್ನು ಹರಿದರು. ಆಮೇಲೆ ಹೊಟ್ಟೆ. ದಾದಾ ಮುರಿದ ಕೈಯನ್ನು ಹೆಗಲಿಗೆ ತೂಗುಹಾಕಿದ ಪಟ್ಟಿಯಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ಕೊರಳಿನ ಕೆಲಸ ಮುಗಿಸಿದ. ಭಾವ ಬಂದು ಮೈಮೇಲೆ ಬಿದ್ದು ಮರೆ ಮಾಡಿದಾಗ ಮರೆ ಮಾಡಲು ಏನೂ ಉಳಿದಿರಲಿಲ್ಲ.

ನಾನು ಲಾಗ್ ತೆರೆದೆ. ಮೂರು ಸಲ ಪಾಸ್‌ವರ್ಡ್ ತಪ್ಪಾಯಿತು. ಎರಡು ಗಂಟೆಗೆ: ‘ಶುರು.’ ಅದರ ಮುಂದೆ ಏನೂ ಇಲ್ಲ. ಎರಡು ಗಂಟೆ ಒಂದು ನಿಮಿಷಕ್ಕೆ ಕರೆಂಟ್ ಹೋಗಿದೆ, ಜನರೇಟರ್ ಏಳುವ ಮೊದಲೇ ಸವೆದ ಬ್ಯಾಟರಿ ಕೈಬಿಟ್ಟಿದೆ, ಸರ್ವರ್ ಸತ್ತು ಮತ್ತೆ ಎದ್ದಿದೆ. ಓಡುತ್ತಿದ್ದ ಪ್ರೋಗ್ರಾಂ ಒಂದೂ ಸಾಲು ಬದಲಿಸದೆ ಸತ್ತಿದೆ. ಅದು ಇಟ್ಟ ಖಾಲಿ ಫೈಲ್ ಮಾತ್ರ ಡಿಸ್ಕಿನ ಮೇಲೆ ಹಾಗೆಯೇ ಉಳಿದಿದೆ. ಎರಡೂವರೆಗೆ ಇನ್ನೊಂದು ಎದ್ದು, ಫೈಲ್ ಕಂಡು, ಬರೆದಿದೆ: ‘ಬೇರೊಂದು ಓಡುತ್ತಿದೆ. ಹಿಂತಿರುಗುತ್ತಿದ್ದೇನೆ.’ ಹಿಂತಿರುಗಿ ನನಗೆ ಹಸಿರು ಕಳಿಸಿದೆ. ಆರಕ್ಕೆ ಮುದ್ರಣದ್ದು ಎದ್ದು ಹಿಂದಿನ ದಿನದ ಪಟ್ಟಿಗೇ ಹೊಸ ತಾರೀಕು ಹಾಕಿ ಚೀಟಿ ಹರಿದು ಕೊಟ್ಟಿದೆ. ಅದರಲ್ಲಿ ಕತ್ತರಿ ಇನ್ನೂ ಏಳನೇ ಬ್ಯಾರಕ್ಕಿನವನು, ಸರದಿ ಬೆಳಗ್ಗೆ ಏಳಕ್ಕೆ.

ಫೈಲಿಟ್ಟವನು ಯಾರು ಎಂದು ಅದರೊಳಗೆ ಬರೆದಿಡಬೇಕಿತ್ತು. ಬಂದವನು ಅದನ್ನು ಓದಿ, ಅವನಿನ್ನೂ ಬದುಕಿದ್ದಾನೆಯೇ ಎಂದು ನೋಡಬೇಕಿತ್ತು. ಸತ್ತಿದ್ದರೆ ಚಿಲಕ ಮುರಿದು ಒಳಗೆ ಹೋಗಬೇಕಿತ್ತು. ಕೆಲಸ ಆಗದೆ ಹಿಂತಿರುಗಿದರೆ ಹಸಿರಲ್ಲ, ಕೆಂಪು ಬರಬೇಕಿತ್ತು. ಹತ್ತು ಹನ್ನೆರಡು ಸಾಲು ಹೆಚ್ಚಿಗೆ.

ಸಾಹೇಬರು ಬಂದು ನನ್ನ ಹೆಗಲ ಮೇಲಿಂದ ಓದಿದರು. ಬೆವರು ಒರೆಸಿಕೊಂಡರು. “ಆ ಫೈಲ್ ಅಳಿಸಿ ಈಗ ಓಡಿಸು. ವಿಚಾರಣೆಯವರಿಗೆ ಕರೆಂಟ್ ಹೋಯ್ತು ಅನ್ನೋಣ. ಉಳಿದದ್ದು ಆ ಹೊಸಬ ಸರಿಯಾಗಿ ನೋಡ್ಲಿಲ್ಲ ಅಂತ...”

“ಅವನು ಚೀಟಿ ನೋಡಿಯೇ ಬಿಟ್ಟಿದಾನೆ ಸಾರ್.”

“ನೀನು ನಿನ್ನ ಕೆಲಸ ನೋಡು!” ಎಂದು ಗದರಿ, ಬಾಗಿಲ ಕಡೆ ತಿರುಗಿ, ಅಲ್ಲೇ ನಿಂತುಬಿಟ್ಟರು. ಬಾಗಿಲಲ್ಲಿ ಭಾವ ಇದ್ದರು. ಎದೆಯಿಂದ ಮೊಣಕಾಲಿನವರೆಗೆ ರಕ್ತ, ಅವರದಲ್ಲ. ಸಾಹೇಬರು ಪಕ್ಕಕ್ಕೆ ಸರಿದು ಹೊರಗೆ ಹೋದರು.

“ಓಡ್ತು ಅಂದೆ,” ಎಂದರು ಭಾವ.

ನಾನು ತೆರೆಯನ್ನು ಅವರ ಕಡೆ ತಿರುಗಿಸಿದೆ. ಅವರು ಗಾಜಿನ ಮೇಲೆ ಬೆರಳಿಟ್ಟು ಓದಿದರು. ಬೆರಳು ಹೋದಲ್ಲೆಲ್ಲ ಕೆಂಪು ಗೆರೆ ಬಿತ್ತು.

“ಬೇರೊಂದು ಓಡುತ್ತಿದೆ,” ಎಂದು ಜೋರಾಗಿ ಓದಿದರು. “ಯಾವುದು ಓಡ್ತಿತ್ತು?”

“ಯಾವುದೂ ಇಲ್ಲ ಭಾವ.”

“ಒಳಗೆ ಯಾರಿದ್ರು?”

“ಯಾರೂ ಇರ್ಲಿಲ್ಲ.”

ಹೊಲಿಗೆ ಹಾಕಿದ ಕೈಯಿಂದಲೇ ಹೊಡೆದರು. ನಾನು ಕುರ್ಚಿ ಸಮೇತ ಉರುಳಿದೆ, ತುಟಿ ಒಡೆಯಿತು. ಅವರು ಬಗ್ಗಿ ಅಂಗಿ ಹಿಡಿದು ಎಬ್ಬಿಸಿ ಮತ್ತೆ ಹೊಡೆದರು, ಮತ್ತೆ, ಹೊಲಿಗೆಗಳು ಒಂದೊಂದಾಗಿ ಬಿಚ್ಚಿ ಅವರ ರಕ್ತವೇ ನನ್ನ ಕಣ್ಣಿಗೆ ಇಳಿಯುವವರೆಗೆ. ನಾನು ಕೈ ಅಡ್ಡ ಇಡಲಿಲ್ಲ. ಇನ್ನೂ ಹೊಡೆಯಲಿ ಎಂದೇ ಇತ್ತು ನನಗೆ. ಆಮೇಲೆ ಅವರು ನನ್ನನ್ನು ಬಿಟ್ಟು ನೆಲದ ಮೇಲೆ ಕೂತರು, ಮಕ್ಕಳು ಕೂತ ಹಾಗೆ ಕಾಲು ಚಾಚಿ.

“ನಾನು ಕೇಳಿದ್ದೆ ಕಣೋ,” ಎಂದರು. “ಒಳಗಿದ್ದವನು ಸತ್ತರೆ ಏನು ಅಂತ ಅವತ್ತೇ ಕೇಳಿದ್ದೆ.”

ಆ ಫೈಲನ್ನು ನಾನು ಅಳಿಸಲಿಲ್ಲ, ಲಾಗಿನ ಜೊತೆ ಹಾಗೆಯೇ ತೆಗೆದಿಟ್ಟೆ. ಮಧ್ಯಾಹ್ನ ವಿಚಾರಣೆಯವರು ಹೇಳಿಕೆ ಬರೆದುಕೊಡು ಎಂದು ಕಾಗದ ಕೊಟ್ಟಾಗ ಕರೆಂಟಿನ ಮಾತಾಗಲಿ ಹೊಸಬನ ಮಾತಾಗಲಿ ಮೊದಲಿಗೆ ಬರೆಯಲಿಲ್ಲ. ಮೊದಲ ಸಾಲಿನಲ್ಲಿ ಭಾವ ಕೇಳಿದ ಪ್ರಶ್ನೆ ಬರೆದೆ. ಎರಡನೆಯ ಸಾಲಿನಲ್ಲಿ, ನಾನು ನಕ್ಕೆ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ.